ಇತರೆ 18: ಮೊತ್ತ ಕೂಡುವ ಲೆಕ್ಕ

ಪತ್ರಿಕೆಯ ಸ್ಕೋರ್‌ಪಟ್ಟಿಯಲ್ಲಿ ಬ್ಯಾಟರ್‌ಗಳ ಹೆಸರು ಮುಗಿದ ಮೇಲೆ ‘ಇತರೆ’ ಎಂಬ ಸಾಲು ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದುವುದೇ ಇಲ್ಲ.

ಒಂದು ಲೆಕ್ಕ ನೋಡೋಣ. ಬ್ಯಾಟ್‌ನಿಂದ ಬಂದದ್ದು 142. ಇತರೆಯಲ್ಲಿ ವೈಡ್ 7, ನೋಬಾಲ್ 2, ಬೈ 4, ಲೆಗ್‌ಬೈ 5, ಒಟ್ಟು 18. ತಂಡದ ಮೊತ್ತ 160. ಕೂಡುವುದು ಸುಲಭ, ಯಾವ ರನ್ ಯಾವ ಖಾನೆಗೆ ಎನ್ನುವುದೇ ತಲೆನೋವು.

ನೋಬಾಲನ್ನು ಬ್ಯಾಟರ್ ಬೌಂಡರಿಗಟ್ಟಿದರೆ ತಂಡಕ್ಕೆ 5. ಅದರಲ್ಲಿ 4 ಬ್ಯಾಟರ್‌ಗೆ, 1 ಮಾತ್ರ ನೋಬಾಲ್ ಖಾನೆಗೆ. ಅದೇ ನೋಬಾಲ್ ಬ್ಯಾಟಿಗೂ ಮೈಗೂ ತಾಗದೆ ಕೀಪರ್ ಕೈತಪ್ಪಿ ಬೌಂಡರಿಗೆ ಹೋದರೆ 1 ನೋಬಾಲ್, 4 ಬೈ. 2017ರ ನಿಯಮಾವಳಿಗೂ ಮುನ್ನ ಐದನ್ನೂ ನೋಬಾಲ್ ಎಂದೇ ಬರೆಯುತ್ತಿದ್ದರು. ವೈಡ್ ಹಾಗಲ್ಲ. ಅದು ಬೌಂಡರಿ ದಾಟಿದರೆ ಐದೂ ವೈಡ್.

ಇಲ್ಲೇ ಹೊಸಬರು ಎಡವುತ್ತಾರೆ. ಆ ವೈಡನ್ನು 1 ವೈಡ್, 4 ಬೈ ಎಂದು ಬರೆದರೂ ಮೊತ್ತ 160 ಆಗಿಯೇ ಇರುತ್ತದೆ. ತಪ್ಪು ಕಣ್ಣಿಗೆ ಬೀಳದು. ಪತ್ತೆ ಹಚ್ಚಲು ಬೌಲರ್‌ಗಳ ಕಡೆಯಿಂದ ಕೂಡಬೇಕು. ವೈಡ್, ನೋಬಾಲ್ ಅವರ ಲೆಕ್ಕಕ್ಕೆ ಸೇರುತ್ತವೆ. ಬೈ, ಲೆಗ್‌ಬೈ ಸೇರುವುದಿಲ್ಲ. ಬೌಲರ್‌ಗಳು ಕೊಟ್ಟದ್ದು 151, ಅದಕ್ಕೆ ಬೈ, ಲೆಗ್‌ಬೈಗಳ 9 ಸೇರಿಸಿದರೆ 160. ಬೌಲರ್ ಖಾತೆಯಲ್ಲಿ ಸರಿಯಾಗಿ 5 ಬರೆದು, ಇತರೆಯಲ್ಲಿ ಬೈ ಎಂದು ಹಾಕಿದ್ದರೆ ಈ ಕಡೆಯ ಮೊತ್ತ 164 ಆಗುತ್ತದೆ. ಆ ನಾಲ್ಕನ್ನು ಹುಡುಕಲು ಸ್ಕೋರರ್ ಪ್ರತಿ ಓವರನ್ನೂ ಮತ್ತೆ ತಿರುವಿಹಾಕಬೇಕು.