ಮೂಗು ಸಾಲದಾಗುವ ತಿರುವು

ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಓಡುವವರಲ್ಲಿ ತುಟಿ ಬಿಗಿದು ಮೂಗಿನಲ್ಲೇ ಉಸಿರೆಳೆಯುವವರಿದ್ದಾರೆ, ಬಾಯಿ ತೆರೆದು ಏದುಸಿರು ಬಿಡುವವರೂ ಇದ್ದಾರೆ. ‘ಬಾಯಲ್ಲಿ ಉಸಿರಾಡಬಾರದು ಕಣೋ’ ಎಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಗದರಿದ್ದು ತಲೆಯಲ್ಲಿ ಕೂತಿದ್ದರಿಂದ ನಾನು ಬಹಳ ದಿನ ಮೊದಲನೇ ಗುಂಪಿನಲ್ಲಿದ್ದೆ. ವೇಗ ಹೆಚ್ಚಿಸಿದ ದಿನವೆಲ್ಲ ಸೋತೆ.

ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ. ಮೂಗು ಗಾಳಿಯ ದೂಳು ಸೋಸುತ್ತದೆ, ಅದನ್ನು ಬೆಚ್ಚಗೂ ತೇವವಾಗಿಯೂ ಮಾಡಿ ಒಳಗೆ ಕಳಿಸುತ್ತದೆ. ಆದರೆ ದಾರಿ ಕಿರಿದು. ಸುಮ್ಮನೆ ಕೂತಾಗ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಸಾಕು. ಓಡುತ್ತ ಆ ಬೇಡಿಕೆ 35–40 ಲೀಟರಿನ ಆಸುಪಾಸಿಗೆ ಬಂದರೆ, ಹೆಚ್ಚಿನವರ ಬಾಯಿ ಕೇಳದೆಯೇ ತೆರೆದುಕೊಳ್ಳುತ್ತದೆ. ಜೋರಾಗಿ ಓಡುವವರಿಗೆ 100 ಲೀಟರಿಗೂ ಮೇಲೆ ಬೇಕಾಗಬಹುದು.

ಹೆಜ್ಜೆ ಎಣಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನನ್ನದು ನಿಮಿಷಕ್ಕೆ ಸುಮಾರು 168 ಹೆಜ್ಜೆ. ಆರಾಮದ ಓಟದಲ್ಲಿ ಮೂರು ಹೆಜ್ಜೆಗೆ ಉಸಿರು ಒಳಕ್ಕೆ, ಮೂರು ಹೆಜ್ಜೆಗೆ ಹೊರಕ್ಕೆ. ಅಂದರೆ ನಿಮಿಷಕ್ಕೆ 28 ಉಸಿರು. ಒಂದು ಉಸಿರಿಗೆ ಒಂದೂಕಾಲು ಲೀಟರ್ ಎಂದುಕೊಂಡರೆ 35 ಲೀಟರ್, ಮೂಗಿಗೆ ಹೇಗೋ ನಿಭಾಯಿಸುವಷ್ಟು. ವೇಗ ಹೆಚ್ಚಿಸಿ ಎರಡು-ಎರಡಕ್ಕೆ ಬಂದರೆ 42 ಉಸಿರು. ಆಗ ಉಸಿರು ಆಳವೂ ಆಗುತ್ತದೆ. ಒಂದಕ್ಕೆ ಒಂದೂಮುಕ್ಕಾಲು ಲೀಟರ್ ಹಿಡಿದರೂ 70 ದಾಟಿತು! ಇಲ್ಲಿ ತುಟಿ ಬಿಗಿಯುವುದು ಹಟ ಅಷ್ಟೆ. ಮೂಗು, ಬಾಯಿ ಎರಡೂ ಬೇಕು.

ಎರಡು-ಎರಡು ಯಾರೋ ತರಬೇತುದಾರ ಹೊಸದಾಗಿ ಕಂಡುಹಿಡಿದ ತಂತ್ರವೇನಲ್ಲ. 1983ರಲ್ಲಿ ಡೆನಿಸ್ ಬ್ರಾಂಬಲ್ ಮತ್ತು ಡೇವಿಡ್ ಕ್ಯಾರಿಯರ್ ಓಟಗಾರರ ಉಸಿರನ್ನು ಹೆಜ್ಜೆಯ ಜೊತೆ ಹೋಲಿಸಿ ನೋಡಿದಾಗ, ನಾಲ್ಕು ಹೆಜ್ಜೆಗೊಂದು ಉಸಿರು ಎಂಬ ಲಯವೇ ಹೆಚ್ಚು ಕಂಡಿತು. ನಾಗಾಲೋಟದ ಕುದುರೆಗೆ ಒಂದು ನೆಗೆತಕ್ಕೆ ಒಂದೇ ಉಸಿರು. ಎರಡು ಕಾಲಿನ ನಮಗೆ ಆ ಕಟ್ಟು ಇಲ್ಲ, ಲಯ ಬದಲಿಸಿಕೊಳ್ಳಬಹುದು. ಸ್ಪರ್ಧೆಯ ಕೊನೆಯ ದೂರದಲ್ಲಿ ಎರಡು ಒಳಕ್ಕೆ, ಒಂದು ಹೊರಕ್ಕೆ ಆಗುವುದು ಸಹಜ. ಮೂರು-ಎರಡರಂತಹ ಬೆಸ ಲೆಕ್ಕದಲ್ಲಿ ಉಸಿರು ಬಿಡಲು ಶುರುಮಾಡುವ ಕಾಲು ಪ್ರತಿ ಸಲ ಬದಲಾಗುತ್ತದೆ, ಅದರಿಂದ ಪಕ್ಕೆ ಹಿಡಿಯುವುದಿಲ್ಲ ಎನ್ನುವವರಿದ್ದಾರೆ. ಗಟ್ಟಿ ಪುರಾವೆ ಇಲ್ಲ, ಹಿತವೆನಿಸಿದರೆ ಮಾಡಿ.

ಎಡವಟ್ಟಾಗುವುದು ಏರಿನಲ್ಲಿ. ಮೂರು-ಮೂರನ್ನೇ ಹಿಡಿದು ಹತ್ತಿದರೆ ಇಂಗಾಲದ ಡೈಆಕ್ಸೈಡ್ ಒಳಗೆ ಉಳಿಯುತ್ತದೆ. ಎದೆ ಗಾಳಿಗೆ ಹಪಹಪಿಸುವುದು ಹೆಚ್ಚಾಗಿ ಅದರಿಂದಲೇ. ಮೂರನೇ ಹೆಜ್ಜೆ ಮುಗಿಯುವ ಮುಂಚೆ ಉಸಿರು ಒಡೆದರೆ, ಹೆಗಲು ಕಿವಿಯ ಕಡೆ ಏರಿದರೆ, ಲಯ ಹೊಂದುತ್ತಿಲ್ಲ ಎಂದರ್ಥ. ಆಗ ನಾನು ಎರಡು-ಎರಡಕ್ಕೆ ಇಳಿಯುತ್ತೇನೆ. ಅಂದು ಆರಾಮದ ಓಟವೆಂದು ಹೊರಟಿದ್ದರೆ ಬಾಯಿ ಮುಚ್ಚಿ ನಡೆಯುತ್ತೇನೆ.