ಸ್ಲ್ಯಾಬಿಗೆ ಎಷ್ಟು ದಿನ ನೀರು?

ಏಪ್ರಿಲ್ ಬಿಸಿಲಿನಲ್ಲಿ ಮೋಲ್ಡ್ ಹಾಕಿ, ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಹೊಡೆದರೆ ಕ್ಯೂರಿಂಗ್ ಮುಗಿಯಿತು ಎಂದುಕೊಳ್ಳುವವರು ಬಹಳ. ಆ ನೀರು ಒಂದೆರಡು ಗಂಟೆಯಲ್ಲಿ ಆರಿ ಸ್ಲ್ಯಾಬು ಬೆಳ್ಳಗಾಗುತ್ತದೆ. ನಷ್ಟ ಶುರುವಾಗುವುದು ಅಲ್ಲಿಂದಲೇ.

ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ. ಕಲಸುವಾಗ ಹಾಕಿದ ನೀರೇ ಇದಕ್ಕೆ ಹೆಚ್ಚುಕಡಿಮೆ ಸಾಕು. ಅದು ಆವಿಯಾಗದಂತೆ ಕಾಯುವುದೇ ಕ್ಯೂರಿಂಗ್. ಒಳಗಿನ ಸಣ್ಣ ರಂಧ್ರಗಳ ತೇವಾಂಶ ಸುಮಾರು ಶೇ 80ಕ್ಕಿಂತ ಇಳಿದರೆ ಈ ಕ್ರಿಯೆ ಬಹುತೇಕ ನಿಲ್ಲುತ್ತದೆ. ಮತ್ತೆ ನೆನೆಸಿದರೆ ಮುಂದುವರಿಯಬಹುದು, ಆದರೆ ಕಳೆದುಕೊಂಡದ್ದೆಲ್ಲ ಮರಳುವುದಿಲ್ಲ. ಮೊದಲ ದಿನದಿಂದಲೂ ಗಾಳಿಗೆ ಬಿಟ್ಟ ಕಾಂಕ್ರೀಟು, ಸದಾ ಒದ್ದೆಯಾಗಿಟ್ಟ ಕಾಂಕ್ರೀಟಿನ ಅರ್ಧದಷ್ಟು ಬಲದ ಆಸುಪಾಸಿನಲ್ಲೇ ನಿಂತುಬಿಡಬಹುದು.

ದಿನಗಳ ಲೆಕ್ಕ ಸಿಮೆಂಟಿನ ಬಗೆಯ ಮೇಲೆ ನಿಂತಿದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಯಂಥದಕ್ಕೆ 10 ದಿನ. ಒಣ ಹವೆ, ಬಿಸಿಲಿದ್ದರೆ 10 ಮತ್ತು 14 ದಿನ ಒಳ್ಳೆಯದು. ಹಾರುಬೂದಿ ತಡವಾಗಿ ಕೆಲಸ ಮಾಡುತ್ತದೆ. ಅದು ಬಲ ಕೊಡತೊಡಗುವ ಹೊತ್ತಿಗೇ ನೀರು ನಿಲ್ಲಿಸಿದರೆ ಪಿಪಿಸಿ ಹಾಕಿಯೂ ಉಪಯೋಗವಿಲ್ಲ. ಚೀಲದ ಮೇಲೆ ಯಾವ ಸಿಮೆಂಟೆಂದು ಬರೆದಿರುತ್ತದೆ, ಓದಿಕೊಳ್ಳಿ.

ಸಾವಿರ ಚದರ ಅಡಿಯ, ಐದು ಇಂಚು ದಪ್ಪದ ತಾರಸಿಯನ್ನು ತೆಗೆದುಕೊಳ್ಳೋಣ. ಹಾಕಿದ ದಿನ, ಮೇಲ್ಮೈಯ ಹೊಳಪು ಆರುತ್ತಿದ್ದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಬಿಸಿಗಾಳಿಗೆ ಮೊದಲ ಕೆಲವು ಗಂಟೆಗಳಲ್ಲೇ ಬಿರುಕು ಬೀಳುತ್ತದೆ. ಮರುದಿನ ಗಾರೆಯಿಂದ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವುದು ಎಲ್ಲಕ್ಕಿಂತ ಭರವಸೆಯ ವಿಧಾನ. ಒಂದು ಇಂಚು ನಿಲ್ಲಿಸಲು ಸುಮಾರು 2,350 ಲೀಟರ್ ಬೇಕು. ದಿನಕ್ಕೆ 7 ಮಿಲಿಮೀಟರ್ ಆರಿದರೆ ನಿತ್ಯ 650 ಲೀಟರ್ ತುಂಬಬೇಕು. ಟ್ಯಾಂಕರ್ ನೀರು ನಂಬಿದವರಿಗೆ ಇದು ಹೊರೆ. ಅವರು ಗೋಣಿಚೀಲ ನೆನೆಸಿ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಲಿ. ಚೀಲ ಒಣಗದಿದ್ದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಸಿಂಪಡಿಸುವ ಕ್ಯೂರಿಂಗ್ ಕಾಂಪೌಂಡ್ ನೀರು ಸಿಗದ ಕಡೆಗೆ ಸರಿ, ಆದರೆ ಅದರ ಪದರ ಮುಂದೆ ಗಾರೆ, ಟೈಲ್ಸ್ ಹಿಡಿಯದಂತೆ ಮಾಡಬಹುದು. ಸ್ಲ್ಯಾಬಿನ ತಳವನ್ನು ಸೆಂಟ್ರಿಂಗ್ ಹಾಳೆಗಳೇ ಕಾಯುತ್ತವೆ. ಹಲಗೆ ಬಿಚ್ಚಿದ ತೊಲೆಗಳ ಪಕ್ಕಕ್ಕೆ ಮಾತ್ರ ಚೀಲ ಸುತ್ತಲು ಬಹಳ ಮಂದಿ ಮರೆಯುತ್ತಾರೆ.

ಕ್ಯೂಬ್ ಪರೀಕ್ಷೆಯ ವರದಿ ನೋಡಿ ನಿಶ್ಚಿಂತರಾಗಬೇಡಿ. ಆ ಕ್ಯೂಬುಗಳು 28 ದಿನ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತವೆ. ಅವು ಹೇಳುವುದು ಮಿಶ್ರಣದ ಯೋಗ್ಯತೆಯನ್ನು, ಬಿಸಿಲಲ್ಲಿ ಒಣಗಿದ ನಿಮ್ಮ ತಾರಸಿಯ ಬಲವನ್ನಲ್ಲ. ತಾರಸಿಯನ್ನೇ ನೋಡಬೇಕೆಂದರೆ ಮೊಳೆಯಿಂದ ಗೀರಿ. ಸುಲಭವಾಗಿ ಪುಡಿ ಉದುರಿದರೆ, ಅಂಗೈಗೆ ಬೂದುಬಣ್ಣದ ಧೂಳು ಹತ್ತಿದರೆ ಮೇಲ್ಪದರ ಬಲಿತಿಲ್ಲ. ಸಂಶಯ ಉಳಿದರೆ ಎಂಜಿನಿಯರರನ್ನು ಕರೆಸಿ ರೀಬೌಂಡ್ ಹ್ಯಾಮರ್ ಇಡಿಸಿ. ಅದೂ ಮೇಲ್ಮೈಯ ಗಟ್ಟಿತನದಿಂದ ಅಂದಾಜನ್ನಷ್ಟೇ ಕೊಡುತ್ತದೆ. ಖಚಿತ ಬಲ ತಿಳಿಯಬೇಕಾದರೆ ಸ್ಲ್ಯಾಬನ್ನು ಕೊರೆದು ಕೋರ್ ತೆಗೆಯಬೇಕಾಗುತ್ತದೆ.