ಆರು ತಿಂಗಳ ನಂತರದ ಮೇಲ್

ಸಂದರ್ಶನದಲ್ಲಿ ಆಯ್ಕೆಯಾಗದವರು ಮತ್ತೆ ಅರ್ಜಿ ಹಾಕಲು ಹಲವು ಐಟಿ ಕಂಪನಿಗಳು ಸುಮಾರು ಆರು ತಿಂಗಳು ಕಾಯಿಸುತ್ತವೆ. ಆ ಅವಧಿ ಮುಗಿದ ಮೇಲೆ ಎಚ್‌ಆರ್‌ನವರ ಹಳೆಯ ಮೇಲ್‌ಗೇ ಉತ್ತರವಾಗಿ ಬರೆಯಿರಿ. ನಿಮ್ಮ ಹೆಸರು ಅವರಿಗೆ ಮರೆತಿದ್ದರೂ ಕೆಳಗಿರುವ ಹಳೆಯ ಪತ್ರಗಳು ನೆನಪಿಸುತ್ತವೆ.

ಟೆಸ್ಟಿಂಗ್ ಕೆಲಸದವರು ಹೀಗೆ ಬರೆಯಬಹುದು: “ಮೇಡಂ, ಜನವರಿಯಲ್ಲಿ ಎರಡನೇ ಸುತ್ತಿನವರೆಗೆ ಬಂದಿದ್ದೆ. ಆಟೊಮೇಷನ್ ಅನುಭವ ಸಾಲದು ಎಂದಿದ್ದಿರಿ. ಈಗ ನಾಲ್ಕು ತಿಂಗಳಿಂದ ಸೆಲೆನಿಯಂನಲ್ಲೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ವೆಬ್‌ಸೈಟಿನಲ್ಲಿರುವ ಹೊಸ ಟೆಸ್ಟಿಂಗ್ ಹುದ್ದೆಗೆ ನನ್ನನ್ನು ಪರಿಗಣಿಸಬಹುದೇ? ನೋಟಿಸ್ ಅವಧಿ 30 ದಿನ. ಹೊಸ ರೆಸ್ಯೂಮೆ ಲಗತ್ತಿಸಿದ್ದೇನೆ.”

“ಏನಾದರೂ ಕೆಲಸ ಇದೆಯೇ?” ಎಂದಷ್ಟೇ ಕೇಳಿದರೆ ಹುದ್ದೆ ಹುಡುಕುವ ಹೊರೆ ಅವರ ಮೇಲೆ ಬೀಳುತ್ತದೆ, ಉತ್ತರ ಬರುವುದು ಕಷ್ಟ. ಮೇಲ್ ವಾಪಸ್ ಬಂದರೆ ಅವರು ಕಂಪನಿ ಬಿಟ್ಟಿರಬಹುದು. ಈಗ ಆ ಜಾಗದಲ್ಲಿರುವವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ.